ಕಾಲೊನಿಯಲ್ಲಿ ಭಾನುವಾರದ ಸಂತೆ ನಡೆಸುತ್ತಿದ್ದೇನೆ. ಇದನ್ನೇ ನಂಬಿ ಬದುಕಬಹುದೇ?

ಹಿಂದವಾಡಿ ಸಂತೆ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಹಿಂದವಾಡಿಯಲ್ಲಿ ಈ ವರ್ಷದ ಆಷಾಢದಿಂದ ಒಂದು ಸಣ್ಣ ಸಂತೆ ನಡೆಸುತ್ತಿದ್ದೇನೆ. ಎರಡು ಮೂರು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ 9ರಿಂದ 1ರವರೆಗೆ. ಮನೆಯಲ್ಲಿ ಮಾಡಿದವರೇ ಬಂದು ಮಾರಬೇಕು, ಅದೊಂದೇ ನಿಯಮ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಉಪ್ಪಿನಕಾಯಿ, ಶಾವಿಗೆ, ಉಂಡಿ, ಕೌದಿ, ಬಟ್ಟೆ ಚೀಲ, ಮಣಿಸರ ಹೀಗೆ ಎಲ್ಲಾ ಬರುತ್ತವೆ. ನಮ್ಮ ಮನೆ ಹತ್ತಿರದ ಒಂದು ಮಂಗಲ ಕಾರ್ಯಾಲಯದ ಹಾಲ್ ಸಿಕ್ಕಿದೆ. ಮಳೆ ಬಂದರೂ ತೊಂದರೆ ಇಲ್ಲ.

ಇಲ್ಲಿಯವರೆಗೆ ಐದು ಸಂತೆ ಆಗಿವೆ. ಒಂದು ಟೇಬಲ್‌ಗೆ 300 ರೂಪಾಯಿ ತಗೊಳ್ಳುತ್ತೇನೆ. ಮೊದಲ ಸಲ 22 ಟೇಬಲ್, ಎರಡನೇ ಸಲ 17, ಪಂಚಮಿ ಮುಂದಿನದಕ್ಕೆ 26, ಗಣೇಶ ಚೌತಿ ಮುಂದಿನದಕ್ಕೆ 24, ಪಿತೃಪಕ್ಷದಲ್ಲಿ 15. ಒಟ್ಟು 104 ಟೇಬಲ್, ಅಂದರೆ 31,200 ರೂಪಾಯಿ ಬಂತು.

ಖರ್ಚು ಒಂದು ಸಂತೆಗೆ 5,100. ಹಾಲ್‌ಗೆ 2,000, ಟೇಬಲ್ ಕುರ್ಚಿ ಬಾಡಿಗೆ 1,200, ಇಬ್ಬರು ಹುಡುಗರಿಗೆ 800, ಬ್ಯಾನರ್ ಮತ್ತು ಕರಪತ್ರ 500, ಕಸ ಗುಡಿಸಲು 300, ಚಹಾ ನೀರು 300. ಐದಕ್ಕೆ 25,500 ಹೋಯಿತು. ನನ್ನ ಕೈಯಲ್ಲಿ ಉಳಿದದ್ದು 5,700.

ಒಂದು ಸಂತೆಗೆ ಫೋನ್, ಮೆಸೇಜ್, ಓಡಾಟ ಎಲ್ಲಾ ಸೇರಿ ಮೂವತ್ತು ತಾಸಿನ ಕೆಲಸ ಆಗುತ್ತದೆ. ಮಾರ್ಚ್‌ನಲ್ಲಿ ನನ್ನ ಶಾಲೆಯ ಕೆಲಸ ಹೋಯಿತು. ಅಲ್ಲಿ ತಿಂಗಳಿಗೆ 15,000 ಬರುತ್ತಿತ್ತು. ಈ ಸಂತೆಯಿಂದಲೇ ಅಷ್ಟು ಬರುವ ದಾರಿ ಇದೆಯೇ? ಅಥವಾ ನಾನು ಬೇರೆ ಶಾಲೆ ನೋಡಿಕೊಳ್ಳುವುದೇ ಒಳ್ಳೆಯದೇ? ನಡೆಸಿದ ಅನುಭವ ಇರುವವರು ದಯವಿಟ್ಟು ಹೇಳಿ.

ಖಡೇಬಜಾರ್ ಹುಡುಗ

ಅಕ್ಕಾರೆ, ನಿಮ್ಮ ರೇಟ್ ಬಹಳ ಕಡಿಮೆ ಇದೆ. ನನ್ನ ಕಸಿನ್ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಮೇಳದಲ್ಲಿ ಕುರ್ತಿ ಮಾರುತ್ತಾಳೆ. ಅವಳು ಒಂದು ದಿನಕ್ಕೆ 2,500 ಕೊಡುತ್ತಾಳೆ. ನೀವು 1,000 ಮಾಡಿ. 20 ಟೇಬಲ್ ಅಂದರೆ 20,000. ಖರ್ಚು ತೆಗೆದರೂ ಒಂದೇ ಸಂತೆಗೆ 15,000 ಉಳಿಯುತ್ತದೆ. ಲೆಕ್ಕ ಇಷ್ಟು ಸರಳ ಇದೆ.

ಇನ್ನೊಂದು ಮಾತು. ಹಾಲ್ ಯಾಕೆ? ಕಾಲೊನಿಯ ಪಾರ್ಕ್‌ನಲ್ಲಿ ಮಾಡಿ. ಬಾಡಿಗೆಯೂ ಉಳಿಯುತ್ತದೆ, ವಾಕಿಂಗ್ ಬರುವವರು ಹಾಗೇ ಗಿರಾಕಿ ಆಗುತ್ತಾರೆ.

ಶೇಂಗಾ ಹಿಂಡಿ

ನಾನು ಅನಗೋಳದಲ್ಲಿ ಇರುತ್ತೇನೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ ಮಾಡುತ್ತೇನೆ. ಇಷ್ಟು ದಿನ ಪರಿಚಯದವರಿಗೆ ಮಾತ್ರ ಕೊಡುತ್ತಿದ್ದೆ. ನನಗೆ ಲೈಸೆನ್ಸ್ ಮಾಡಿಸಲು ಎಷ್ಟು ದುಡ್ಡು ಬೇಕು? ಕೆಲವರು ಹತ್ತು ಸಾವಿರ ಅಂತ ಹೇಳುತ್ತಾರೆ. ಅಷ್ಟು ಆದರೆ ನನ್ನಿಂದ ಆಗದು.

ಲೆಕ್ಕಪತ್ರ

ಶೇಂಗಾ ಹಿಂಡಿ ಅವರೇ, ಸಂತೆ ನಡೆಸುವವರು ಇಲ್ಲಿ ಬೇರೆ ಪ್ರಶ್ನೆ ಕೇಳಿದ್ದಾರೆ. ಆದರೂ ನಿಮ್ಮದಕ್ಕೆ ಎರಡು ಮಾತು ಹೇಳುತ್ತೇನೆ, ಅವರಿಗೂ ಬೇಕಾಗುತ್ತದೆ. ನಿಮ್ಮಂಥ ಮನೆ ಅಡುಗೆಯವರಿಗೆ ದೊಡ್ಡ ಲೈಸೆನ್ಸ್ ಬೇಡ. ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ ಸಾದಾ ನೋಂದಣಿ ಸಾಕು. ಅದನ್ನು foscos.fssai.gov.in ನಲ್ಲಿ ನೀವೇ ಮಾಡಬಹುದು. ನಮ್ಮ ಗಿರಾಕಿಗಳಿಗೆ ನಾನು ಮಾಡಿಸಿದಾಗ ಸರ್ಕಾರಿ ಫೀ ವರ್ಷಕ್ಕೆ 100 ರೂಪಾಯಿ ಇತ್ತು. ಹತ್ತು ಸಾವಿರ ಕೇಳುವವರು ನಡುವಿನವರು. ಒಂದು ಫೋಟೊ, ಗುರುತಿನ ಚೀಟಿ, ಮನೆ ವಿಳಾಸ ಇದ್ದರೆ ಅರ್ಜಿ ಹಾಕಬಹುದು. 14 ಅಂಕಿಯ ನಂಬರ್ ಬರುತ್ತದೆ. ಅದನ್ನು ಪ್ಯಾಕೆಟ್ ಮೇಲೆ ಹಾಕಿ. ಜೊತೆಗೆ ಏನೇನು ಹಾಕಿದ್ದೀರಿ, ತೂಕ, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ನಿಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು. ಶೇಂಗಾ ಇದೆ ಅಂತ ಬರೆಯಲೇಬೇಕು, ಕೆಲವರಿಗೆ ಅದು ಆಗಿಬರುವುದಿಲ್ಲ.

ಶೇಂಗಾ ಹಿಂಡಿ

ಬಹಳ ಉಪಕಾರ ಆಯಿತು ಸರ್. ಇವತ್ತೇ ಮಗಳ ಕಡೆಯಿಂದ ಅರ್ಜಿ ಹಾಕಿಸುತ್ತೇನೆ.

ಗುಮ್ಮಟದ ಊರಿನವಳು

ಹಿಂದವಾಡಿ ತಂಗಿ, ನಾನು ವಿಜಯಪುರದಲ್ಲಿ ನಾಲ್ಕು ವರ್ಷದಿಂದ ಇಂಥದೇ ಸಂತೆ ನಡೆಸುತ್ತಿದ್ದೇನೆ. ನಿನ್ನ ಲೆಕ್ಕ ಓದಿ ಖುಷಿ ಆಯಿತು. ಎಷ್ಟೋ ಜನ ಖರ್ಚನ್ನೇ ಬರೆಯುವುದಿಲ್ಲ. ಆದರೆ ನಿನ್ನ ಲೆಕ್ಕದಲ್ಲಿ ಎರಡು ಕಡೆ ಎಚ್ಚರ ಬೇಕು.

ಮೊದಲು ಹಾಲ್ ವಿಷಯ. ಆಷಾಢದಿಂದ ಪಿತೃಪಕ್ಷದವರೆಗೆ ಮದುವೆ ಕಡಿಮೆ. ಅದಕ್ಕೇ ಮಂಗಲ ಕಾರ್ಯಾಲಯದವರು 2,000ಕ್ಕೆ ಹಾಲ್ ಕೊಟ್ಟಿದ್ದಾರೆ. ಸುಮ್ನೆ ಖಾಲಿ ಬಿಡುವ ಬದಲು ಕರೆಂಟ್ ಬಿಲ್ ಆದರೂ ಹುಟ್ಟಲಿ ಅಂತ. ತುಳಸಿ ಲಗ್ನ ಆದ ಮೇಲೆ ನೋಡು, ಒಳ್ಳೆಯ ಮುಹೂರ್ತದ ಭಾನುವಾರ ಒಂದೂ ಸಿಗುವುದಿಲ್ಲ. ಸಿಕ್ಕರೂ ಆ ರೇಟಿಗೆ ಕೊಡುವುದಿಲ್ಲ. ಸಂತೆಗೆ ಹವೆ ಚೆನ್ನಾಗಿರುವ ನವೆಂಬರ್‌ನಿಂದ ಫೆಬ್ರವರಿಯಲ್ಲೇ ನಿನಗೆ ಜಾಗ ಇರುವುದಿಲ್ಲ. ಆಗ ಒಂದು ಶಾಲೆಯ ಅಂಗಳ ಬೇಕು. ಮಳೆಗಾಲಕ್ಕೆ ಹಾಲ್, ಚಳಿಗಾಲಕ್ಕೆ ಅಂಗಳ, ಎರಡೂ ಈಗಲೇ ಮಾತಾಡಿಟ್ಟುಕೋ. ನಮ್ಮಲ್ಲಿ ಮಳೆಯ ಕಾಟ ಇಲ್ಲ, ಆದರೆ ಮಾರ್ಚ್ ನಂತರ ಬಿಸಿಲಿಗೆ ಬೆಳಗಿನ ಸಂತೆಗೆ ಯಾರೂ ಬರುವುದಿಲ್ಲ. ಯುಗಾದಿ ಆದ ಮೇಲೆ ಸಂಜೆ 5ರಿಂದ 8.30ಕ್ಕೆ ಬದಲಿಸಿದೆವು.

ಎರಡನೆಯದು, ನಿನ್ನ ಐದರಲ್ಲಿ ಎರಡು ಹಬ್ಬದ ಸಂತೆ. ಪಂಚಮಿಗೆ ಉಂಡಿ ಎಲ್ಲರ ಮನೆಗೂ ಬೇಕು, ಕಟ್ಟಲು ಪುರುಸೊತ್ತಿಲ್ಲದವರು ಕೊಳ್ಳುತ್ತಾರೆ. ಆ ದಿನದ ಗದ್ದಲ ನೋಡಿ ಇದೇ ನಮ್ಮ ಸಂತೆ ಅಂದುಕೊಳ್ಳಬೇಡ. ನಿನ್ನ ನಿಜವಾದ ಸಂತೆ ಎರಡನೆಯದು, 17 ಟೇಬಲ್‌ದು. ಮೊದಲನೆಯದಕ್ಕೆ ಮಾರುವವರ ಬೀಗರು, ಗೆಳತಿಯರು ಬಂದು ಕೊಂಡಿರುತ್ತಾರೆ. ಹಬ್ಬ ಇಲ್ಲದ ವಾರ, ಪರಿಚಯ ಇಲ್ಲದವರು ಎಷ್ಟು ಕೊಂಡರು ಅನ್ನುವುದೇ ಸಂತೆಯ ಬಲ.

ಇನ್ನು ರೇಟ್. ಖಡೇಬಜಾರ್ ತಮ್ಮ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಬೆಂಗಳೂರಿನಲ್ಲಿ ಅಷ್ಟು ಕೊಡುತ್ತಾರೆ, ಯಾಕಂದರೆ ಅಲ್ಲಿ ಕುರ್ತಿ ಒಂದು ದಿನಕ್ಕೆ ಇಪ್ಪತ್ತು ಮೂವತ್ತು ಸಾವಿರಕ್ಕೆ ಹೋಗಬಹುದು. ಹಿಂದವಾಡಿಯಲ್ಲಿ ರೊಟ್ಟಿ ಮಾರುವವಳು ಎಷ್ಟಕ್ಕೆ ಮಾರಿದಳು ಅಂತ ನಿನಗೆ ಗೊತ್ತೇ? ಅದು ಗೊತ್ತಿಲ್ಲದೆ ರೇಟ್ ಮಾತಾಡಲು ಆಗುವುದಿಲ್ಲ. ಮುಂದಿನ ಸಂತೆ ಮುಗಿದಾಗ ಎಲ್ಲರಿಗೂ ಒಂದು ಚೀಟಿ ಕೊಡು. ಹೆಸರು ಬೇಡ, ಏನು ಮಾರಿದೆ, ಒಟ್ಟು ಎಷ್ಟಾಯಿತು, ಇಷ್ಟೇ ಬರೆದು ಡಬ್ಬಿಗೆ ಹಾಕಲಿ. ಬಾಗಿಲಲ್ಲಿ ಒಬ್ಬರನ್ನು ಕೂರಿಸು. ಒಳಗೆ ಬಂದವರನ್ನು ಎಣಿಸುವುದು ಬೇಡ, ಚೀಲ ಹಿಡಿದು ಹೊರಗೆ ಹೋದವರನ್ನು ಎಣಿಸಲಿ. ಆಮೇಲೆ ಇಲ್ಲಿ ಬಂದು ಬರೆ, ಕೂಡಿ ಲೆಕ್ಕ ಮಾಡೋಣ.

ಎರಡನೇ ಕ್ರಾಸ್ ನಿವಾಸಿ

ನಾನು ಇಂಥದೇ ಒಂದು ಸಂತೆಯ ಪಕ್ಕದ ಮನೆಯವನು. ಬೇರೆ ಕಾಲೊನಿ, ಇದೇ ಊರು. ಸಂತೆ ಬೇಡ ಅಂತ ಹೇಳುವುದಿಲ್ಲ, ನನ್ನ ಹೆಂಡತಿಯೇ ಅಲ್ಲಿ ಹೋಳಿಗೆ ತರುತ್ತಾಳೆ. ಆದರೆ ನಮ್ಮ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿ ಹೋಗುತ್ತಾರೆ. ಒಂದು ಭಾನುವಾರ ನಮ್ಮ ತಂದೆಯನ್ನು ಆಸ್ಪತ್ರೆಗೆ ಒಯ್ಯಬೇಕಿತ್ತು, ಕಾರು ಹೊರಗೆ ತೆಗೆಯಲು ಇಪ್ಪತ್ತು ನಿಮಿಷ ಆಯಿತು. ಅವತ್ತಿನಿಂದ ನಮ್ಮ ಓಣಿಯವರು ಸಹಿ ಹಾಕಿ ಅರ್ಜಿ ಕೊಟ್ಟರು, ಆ ಸಂತೆ ನಿಂತೇ ಹೋಯಿತು.

ಪಾರ್ಕ್‌ನಲ್ಲಿ ಮಾಡಿ ಅಂದವರಿಗೆ ಒಂದು ಮಾತು. ಉದ್ಯಾನ, ಆಟದ ಮೈದಾನ, ಬಯಲು ಜಾಗ ಕಾಪಾಡಲು ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ. ಪಾರ್ಕನ್ನು ಬೇರೆ ಕೆಲಸಕ್ಕೆ ಬಳಸಬಾರದು ಅಂತಲೇ ಅದು ಬಂದದ್ದು. ಒಬ್ಬರು ದೂರು ಕೊಟ್ಟರೆ ಸಂತೆ ಅರ್ಧಕ್ಕೆ ಎತ್ತಬೇಕಾಗುತ್ತದೆ. ರೊಟ್ಟಿ ಬುಟ್ಟಿ ಹೊತ್ತು ಬಂದ ಹೆಣ್ಣುಮಕ್ಕಳ ಗತಿ ಆಗ ಏನು?

ಹಿಂದವಾಡಿ ಸಂತೆ

ಅಣ್ಣಾರೆ, ನಿಮ್ಮ ತಂದೆಯವರ ವಿಷಯ ಓದಿ ಮನಸ್ಸಿಗೆ ಕೆಡುಕೆನಿಸಿತು. ನಮ್ಮಲ್ಲೂ ಗೇಟಿನ ಮುಂದೆ ಗಾಡಿ ನಿಲ್ಲುತ್ತವೆ. ಇಬ್ಬರು ಹುಡುಗರಲ್ಲಿ ಒಬ್ಬನನ್ನು ಬರೀ ಗಾಡಿ ನೋಡಿಕೊಳ್ಳಲು ಇಡುತ್ತೇನೆ. ಪಾರ್ಕ್ ವಿಚಾರ ಕೈಬಿಟ್ಟೆ.

ಗುಮ್ಮಟದ ಅಕ್ಕ, ಹಾಲ್ ವಿಷಯ ನನಗೆ ಹೊಳೆದೇ ಇರಲಿಲ್ಲ. ನಿನ್ನೆ ಹೋಗಿ ಕೇಳಿದೆ. ಡಿಸೆಂಬರ್‌ನಲ್ಲಿ ಒಂದೇ ಒಂದು ಭಾನುವಾರ ಖಾಲಿ ಇದೆ, ಅದಕ್ಕೆ 9,000 ಹೇಳಿದರು. ದಸರೆ ಮುಂದಿನ ಸಂತೆಯಲ್ಲಿ ಚೀಟಿ ಹಾಕಿಸುತ್ತೇನೆ.

ನವನಗರ ಖಣ

ನಾನು ಬಾಗಲಕೋಟೆ ನವನಗರದವಳು. ಗುಳೇದಗುಡ್ಡದ ಖಣದಿಂದ ಚೀಲ, ಪರ್ಸ್, ಬಾಗಿಲ ತೋರಣ ಹೊಲಿಯುತ್ತೇನೆ. ಮಾರುವವಳ ಕಡೆಯಿಂದ ಹೇಳುತ್ತೇನೆ.

ನಮ್ಮ ಸೆಕ್ಟರ್‌ನಲ್ಲಿ ಒಬ್ಬರು ವಾರಕ್ಕೊಮ್ಮೆ ಸಂತೆ ಶುರು ಮಾಡಿದರು. ಮೊದಲ ವಾರ ನನ್ನದು 3,200ಕ್ಕೆ ಹೋಯಿತು. ಎರಡನೇ ವಾರ 900. ಮೂರನೇ ವಾರ 200. ನನ್ನ ಕೆಲಸ ಕೆಟ್ಟದ್ದು ಅಂತಲ್ಲ. ಖಣದ ಚೀಲ ಒಂದು ಕೊಂಡವರು ಎರಡು ವರ್ಷ ಬಳಸುತ್ತಾರೆ. ಅದೇ ಓಣಿ, ಅದೇ ನೂರು ಮನೆ. ಮತ್ತೆ ಯಾರು ಕೊಳ್ಳಬೇಕು? ಪಕ್ಕದ ಟೇಬಲ್‌ನ ರೊಟ್ಟಿ ಅಕ್ಕನದು ಮಾತ್ರ ವಾರ ವಾರ ಖಾಲಿ. ನಾನು ನಾಲ್ಕನೇ ವಾರ ಹೋಗಲಿಲ್ಲ. ನನ್ನಂಥ ಆರು ಜನ ಬಿಟ್ಟರು. ಖಾಲಿ ಟೇಬಲ್ ತುಂಬಲು ಅವರು ಹೊರಗಿನಿಂದ ಬಟ್ಟೆ ತಂದು ಮಾರುವವರನ್ನು ಸೇರಿಸಿದರು. ಆಗ ಜನ, ಇದು ಪೇಟೆಯಲ್ಲೇ ಸಿಗುತ್ತದಲ್ಲ ಅಂತ ಬರುವುದನ್ನೇ ಬಿಟ್ಟರು.

ಹಾಗಾಗಿ ನೀವು ಜಾಸ್ತಿ ಸಂತೆ ಮಾಡಿದರೆ ಜಾಸ್ತಿ ದುಡ್ಡು ಅಂದುಕೊಳ್ಳಬೇಡಿ. ನಮ್ಮಂಥವರನ್ನು ಎರಡು ತಿಂಗಳಿಗೊಮ್ಮೆ ಕರೆಯಿರಿ, ಹಬ್ಬದ ಮುಂದೆ ಕರೆಯಿರಿ.

ಗುಮ್ಮಟದ ಊರಿನವಳು

ಖಣದ ತಂಗಿ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇದನ್ನು ಕಲಿಯಲು ಒಂದು ವರ್ಷ ಹಾಳು ಮಾಡಿದೆ. ವಾರದಲ್ಲಿ ತಿಂದು ಮುಗಿಯುವ ವಸ್ತು ಜನರನ್ನು ಮತ್ತೆ ಕರೆತರುತ್ತದೆ. ರೊಟ್ಟಿ, ಹಿಂಡಿ, ಬೆಣ್ಣೆ, ಸೊಪ್ಪು, ನಮ್ಮಲ್ಲಿ ಇಂಡಿ ಕಡೆಯ ಲಿಂಬೆಹಣ್ಣು. ಇವರು ಕಾಯಂ ಇರಬೇಕು. ಕೈಕೆಲಸದವರು ಸರದಿ ಮೇಲೆ ಬರಬೇಕು. ಈಗ ನನ್ನಲ್ಲಿ 30 ಟೇಬಲ್‌ನಲ್ಲಿ 20 ತಿನ್ನುವುದು, 10 ಸರದಿಯವರು. ಒಂದೇ ವಸ್ತು ಮೂರಕ್ಕಿಂತ ಹೆಚ್ಚು ಟೇಬಲ್‌ನಲ್ಲಿ ಬೇಡ, ಆಮೇಲೆ ಅವರವರಲ್ಲೇ ಜಗಳ.

ಹೊರಗಿನ ಮಾಲು ತರುವವರನ್ನು ಗುರುತಿಸುವುದು ಕಷ್ಟ ಅಲ್ಲ. ಹೊಸಬರು ಬಂದರೆ ನಾನು ಒಮ್ಮೆ ಮನೆಗೆ ಹೋಗಿ ಚಹಾ ಕುಡಿದು ಬರುತ್ತೇನೆ. ಹೊಲಿಗೆ ಯಂತ್ರ, ಹೆಂಚು, ಒನಕೆ ಕಣ್ಣಿಗೆ ಬೀಳುತ್ತವೆ. ಅಡುಗೆಮನೆ ಸ್ವಚ್ಛ ಇದೆಯೇ ಅಂತಲೂ ತಿಳಿಯುತ್ತದೆ.

ಖಡೇಬಜಾರ್ ಹುಡುಗ

ಸರಿ, ಫಿಕ್ಸ್ ರೇಟ್ ಬೇಡ ಅಂದರೆ ಮಾರಿದ್ದರಲ್ಲಿ ಪರ್ಸೆಂಟ್ ತಗೊಳ್ಳಿ. ನೂರಕ್ಕೆ ಹದಿನೈದು. ಮಾಲ್‌ಗಳಲ್ಲೂ ಹಾಗೆ ಮಾಡುತ್ತಾರೆ. ಎಲ್ಲರ ದುಡ್ಡು ನಿಮ್ಮ ಒಂದೇ ಕ್ಯೂಆರ್ ಕೋಡ್‌ಗೆ ಬರಲಿ, ಸಂಜೆ ನಿಮ್ಮದು ಹಿಡಿದು ಉಳಿದದ್ದು ಕೊಡಿ. ಸುಳ್ಳು ಹೇಳಲು ಆಗುವುದಿಲ್ಲ.

ಲೆಕ್ಕಪತ್ರ

ತಮ್ಮಾ, ದಯವಿಟ್ಟು ಹಾಗೆ ಮಾಡಿಸಬೇಡಿ. ಎಲ್ಲರ ಮಾರಾಟದ ಹಣ ಅಕ್ಕಾರ ಖಾತೆಗೆ ಬಂದರೆ, ಕಾಗದದ ಮೇಲೆ ಅಷ್ಟೂ ಅವರದೇ ವ್ಯಾಪಾರ ಅಂತ ಕಾಣುತ್ತದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ನೋಟಿಸ್ ಕೊಟ್ಟರು, ನೆನಪಿದೆ ಅಲ್ವಾ? ಸೇವೆಗೆ ಜಿಎಸ್‌ಟಿ ನೋಂದಣಿಯ ಗಡಿ ವರ್ಷಕ್ಕೆ 20 ಲಕ್ಷ. ಟೇಬಲ್ ಬಾಡಿಗೆ ಮಾತ್ರ ಅವರ ಆದಾಯ ಆದರೆ ಆ ಗಡಿಯ ಹತ್ತಿರಕ್ಕೂ ಹೋಗುವುದಿಲ್ಲ. ಬೇರೆಯವರ ರೊಟ್ಟಿ ಹಣವೂ ಸೇರಿದರೆ ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ. ಪ್ರತಿ ಟೇಬಲ್‌ಗೆ ಅವರವರ ಕ್ಯೂಆರ್ ಇರಲಿ. ಅಕ್ಕಾರೆ, ನೀವು ಟೇಬಲ್ ಬಾಡಿಗೆಗೆ ಪ್ರತ್ಯೇಕ ಖಾತೆ ಇಡಿ, ರಸೀದಿ ಪುಸ್ತಕ ಇಡಿ.

ಹಿಂದವಾಡಿ ಸಂತೆ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಆರನೇ ಸಂತೆ ಮುಗಿಯಿತು. 21 ಟೇಬಲ್. ಎಲ್ಲರೂ ಚೀಟಿ ಹಾಕಿದರು. ರಾತ್ರಿ ಕೂತು ಬಿಡಿಸಿದೆ.

ಒಟ್ಟು ಮಾರಾಟ 48,300. ಎಲ್ಲಕ್ಕಿಂತ ಹೆಚ್ಚು ರೊಟ್ಟಿ ಮತ್ತು ಹಿಂಡಿ ಟೇಬಲ್, 7,800. ಆಮೇಲೆ ಉಂಡಿ ಮತ್ತು ಕರದಂಟು, 6,200. ಕಡಿಮೆ ಎಂದರೆ ಮಣಿಸರ, 250. ಚೀಲ ಹಿಡಿದು ಹೊರಗೆ ಹೋದವರು 179, ನನ್ನ ಮಗ ಬಾಗಿಲಲ್ಲಿ ಕೂತು ಗೀಟು ಹಾಕಿದ. ಅಂದರೆ ಒಂದು ಮನೆಯವರು ಸುಮಾರು 270 ರೂಪಾಯಿಗೆ ಕೊಂಡಿದ್ದಾರೆ.

ಒಂದು ಟೇಬಲ್‌ಗೆ ಸರಾಸರಿ 2,300 ಬಂತು. 300 ಕೊಡುವುದು ಅಷ್ಟೇನೂ ಹೊರೆ ಅಲ್ಲ ಅನ್ನಿಸುತ್ತಿದೆ. ಸರಿನಾ ಅಕ್ಕ?

ಗುಮ್ಮಟದ ಊರಿನವಳು

ಸರಾಸರಿ ಬೇಡ ತಂಗಿ. ಎರಡು ದೊಡ್ಡ ಟೇಬಲ್ ಸೇರಿ ಅದನ್ನು ಮೇಲೆ ಎತ್ತಿವೆ. 21 ಚೀಟಿಯನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಇಡು. ಹನ್ನೊಂದನೆಯದು ಎಷ್ಟು?

ಹಿಂದವಾಡಿ ಸಂತೆ

1,700. ಎಣ್ಣೆ ಹಚ್ಚಿದ ಮಾವಿನ ಉಪ್ಪಿನಕಾಯಿಯವರದು.

ಗುಮ್ಮಟದ ಊರಿನವಳು

ಈಗ ಅವಳ ಜಾಗದಲ್ಲಿ ಕೂತು ನೋಡು. 1,700 ಮಾರಿದಳು. ಮಾವು, ಎಣ್ಣೆ, ಖಾರ, ಡಬ್ಬಿ, ಆಟೊ ಕಳೆದರೆ ನೂರಕ್ಕೆ ಮೂವತ್ತೈದು ಉಳಿಯಿತು ಅಂತ ಇಟ್ಟುಕೋ. ಸುಮಾರು 600. ಅದರಲ್ಲಿ 300 ನಿನಗೆ ಕೊಟ್ಟಳು. ಎರಡು ದಿನದ ತಯಾರಿ, ಒಂದು ಬೆಳಗಿನ ಮಾರಾಟಕ್ಕೆ ಅವಳಿಗೆ 300. ಇನ್ನು ಎರಡು ಸಲ ಬಂದು ಆಮೇಲೆ ನೆವ ಹೇಳುತ್ತಾಳೆ. ಪಿತೃಪಕ್ಷಕ್ಕೆ 15ಕ್ಕೆ ಇಳಿಯಿತು ಅಂತ ಬರೆದಿದ್ದೆಯಲ್ಲ, ಅದು ಬರೀ ಪಿತೃಪಕ್ಷದ ಕಾರಣ ಅಲ್ಲ ಅಂತ ನನ್ನ ಅನಿಸಿಕೆ.

ನಾನು ಇಟ್ಟುಕೊಂಡಿರುವ ಅಳತೆ ಇದು. ಬಾಡಿಗೆ ನಡುವಿನ ಟೇಬಲ್ ಮಾರಿದ್ದರಲ್ಲಿ ಹತ್ತನೇ ಒಂದು ಪಾಲು ಮೀರಬಾರದು. ನಿನ್ನಲ್ಲಿ ಅದು 170. ಇಡೀ ಸಂತೆಯ ಹತ್ತನೇ ಒಂದು ಪಾಲು ಹಿಡಿದರೂ 4,830. ನಿನ್ನ ಖರ್ಚೇ 5,100. ಅಂದರೆ ನಿನ್ನ ಸಂತೆ ಈಗ ತನ್ನ ಖರ್ಚನ್ನೂ ಪೂರ್ತಿ ಹೊರುತ್ತಿಲ್ಲ, ಮಾರುವವರ ಕೂಲಿಯಿಂದ ಅದು ತುಂಬುತ್ತಿದೆ. ಬೇಸರ ಮಾಡಿಕೊಳ್ಳಬೇಡ, ನನ್ನದೂ ಎರಡು ವರ್ಷ ಹೀಗೇ ಇತ್ತು.

15,000ದ ಲೆಕ್ಕ ಈಗ ಹಾಕು. ತಿಂಗಳಿಗೆ ಎರಡು ಸಂತೆ, ಒಂದೊಂದರಿಂದ 7,500 ಉಳಿಯಬೇಕು. ಖರ್ಚು ಸೇರಿ 12,600. ಅದು ಹತ್ತನೇ ಒಂದು ಪಾಲು ಆಗಬೇಕಾದರೆ ಒಂದು ಸಂತೆಯಲ್ಲಿ 1,26,000 ಮಾರಾಟ ಆಗಬೇಕು. 270ರಂತೆ ಸುಮಾರು 467 ಮನೆ. ಈಗ ಬರುವುದು 179. ಹಿಂದವಾಡಿ, ಟಿಳಕವಾಡಿ ಸೇರಿ ಅಷ್ಟು ಮನೆ ಇವೆ, ಆದರೆ ಹದಿನೈದು ದಿನಕ್ಕೊಮ್ಮೆ ಅಷ್ಟು ಜನ ಬಂದರೆ ಗಾಡಿ ಎಲ್ಲಿ ನಿಲ್ಲಿಸುತ್ತೀ? ಎರಡನೇ ಕ್ರಾಸ್ ಅಣ್ಣನವರ ಕಷ್ಟ ಅಲ್ಲೇ ಶುರು ಆಗುತ್ತದೆ. ಒಂದು ಕಾಲೊನಿಯ ಸಂತೆಗೆ ಟೇಬಲ್ ಬಾಡಿಗೆಯಿಂದ ಸಂಬಳ ಹುಟ್ಟುವುದಿಲ್ಲ. ನಾನು ಅದನ್ನು ಒಪ್ಪಿಕೊಂಡ ದಿನದಿಂದ ನನ್ನ ಲೆಕ್ಕ ಸರಿ ಆಯಿತು.

ಹಿಂದವಾಡಿ ಸಂತೆ

ಅಕ್ಕ, ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ಆ ಉಪ್ಪಿನಕಾಯಿಯವರು ಪ್ರತಿ ಸಲ ನನಗೆ ಒಂದು ಡಬ್ಬಿ ಕೊಟ್ಟು ಹೋಗುತ್ತಾರೆ. ಹಾಗಾದರೆ ನೀವು ನಾಲ್ಕು ವರ್ಷ ಹೇಗೆ ನಡೆಸಿದಿರಿ?

ಗುಮ್ಮಟದ ಊರಿನವಳು

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನನಗೆ ಈಗ ತಿಂಗಳಿಗೆ ಸುಮಾರು 17,000 ಬರುತ್ತದೆ. ಮನೆ ನಡೆಯುವುದು ನಮ್ಮ ಯಜಮಾನರ ಸಂಬಳದ ಮೇಲೆ, ಇದು ಅದಕ್ಕೆ ಆಸರೆ. ಅದರಲ್ಲಿ ಸಂತೆಯ ಟೇಬಲ್‌ನಿಂದ 6,000 ಮಾತ್ರ. 30 ಟೇಬಲ್, 200ರಂತೆ 6,000. ಶಾಲೆಯ ಅಂಗಳಕ್ಕೆ 1,000, ಉಳಿದ ಖರ್ಚು 2,000. ಟೇಬಲ್ ಬಾಡಿಗೆ ಇಲ್ಲ, ಅವರವರು ಮಡಚುವ ಟೇಬಲ್ ತರುತ್ತಾರೆ. ಒಂದಕ್ಕೆ 3,000 ಉಳಿಯುತ್ತದೆ, ತಿಂಗಳಿಗೆ ಎರಡು.

ಉಳಿದದ್ದು ವಾರದ ಚೀಲದಿಂದ. ಸಂತೆಗೆ ಬಂದವರ ವಾಟ್ಸಾಪ್ ಗುಂಪು ಇದೆ. ಸೋಮವಾರ ಯಾರು ಏನು ಮಾಡುತ್ತಾರೆ ಅಂತ ಪಟ್ಟಿ ಹಾಕುತ್ತೇನೆ. ಗುರುವಾರ ರಾತ್ರಿ 8ಕ್ಕೆ ಆರ್ಡರ್ ಬಂದ್. ಶುಕ್ರವಾರ, ಶನಿವಾರ ಅವರು ಮಾಡುತ್ತಾರೆ. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಪಡಸಾಲೆಯಲ್ಲಿ ಎಲ್ಲಾ ಬಂದು ಸೇರುತ್ತದೆ, ಒಂದೊಂದು ಮನೆಯ ಚೀಲ ಕಟ್ಟಿ ಹೆಸರು ಬರೆದು ಇಡುತ್ತೇವೆ. ಸಂತೆ ಇಲ್ಲದ ಭಾನುವಾರವೂ ಚೀಲ ಇರುತ್ತದೆ. ಈಗ ವಾರಕ್ಕೆ 80 ಮನೆ, ಒಂದು ಚೀಲ ಸುಮಾರು 350. ತಿಂಗಳಿಗೆ 1,12,000. ಅದರಲ್ಲಿ ನನಗೆ ನೂರಕ್ಕೆ ಎಂಟು, ಅಂದರೆ 9,000ಕ್ಕೆ ಸ್ವಲ್ಪ ಕಡಿಮೆ. ಲೆಕ್ಕಪತ್ರ ಸರ್ ಹೇಳಿದ ಕಾರಣಕ್ಕೇ ಹಣ ನನ್ನ ಖಾತೆಗೆ ಬರುವುದಿಲ್ಲ, ಗಿರಾಕಿ ನೇರ ಮಾಡಿದವರಿಗೆ ಹಾಕುತ್ತಾರೆ. ತಿಂಗಳ ಕೊನೆಗೆ ನಾನು ಪಟ್ಟಿ ತೋರಿಸಿ ನನ್ನ ಪಾಲು ಪಡೆಯುತ್ತೇನೆ. ಇನ್ನು ಸೀಮಂತ, ಗೃಹಪ್ರವೇಶಕ್ಕೆ 500 ರೊಟ್ಟಿ, 300 ಹೋಳಿಗೆ ಅಂತ ಬರುವ ಆರ್ಡರ್‌ಗಳಿಂದ ಎರಡು ಸಾವಿರ.

ಸಂತೆ ಮುಖ ಪರಿಚಯ ಮಾಡಿಸುತ್ತದೆ, ನಂಬಿಕೆ ಹುಟ್ಟಿಸುತ್ತದೆ. ಹೊಟ್ಟೆ ತುಂಬಿಸುವುದು ವಾರದ ಚೀಲ. ಇಲ್ಲಿಗೆ ಬರಲು ಮೂರು ವರ್ಷ ಹಿಡಿಯಿತು. ಮೊದಲ ವರ್ಷ ಚೀಲ ಹನ್ನೆರಡು ಮನೆಗೆ ಹೋಗುತ್ತಿತ್ತು.

ಖಡೇಬಜಾರ್ ಹುಡುಗ

ಅಕ್ಕಾರೆ, ಹಣ ನೇರ ಹೋದರೆ ಮಾರುವವರ ನಂಬರ್ ಗಿರಾಕಿ ಹತ್ತಿರ ಇರುತ್ತದೆ. ಎರಡನೇ ತಿಂಗಳಿಂದ ನಿಮ್ಮನ್ನು ಬಿಟ್ಟು ನೇರ ತರಿಸಿಕೊಳ್ಳುತ್ತಾರೆ. ನಮ್ಮ ಅಂಗಡಿಯಲ್ಲಿ ಹೋಲ್‌ಸೇಲ್‌ನವರು ಹಾಗೇ ಕೈ ತಪ್ಪಿದರು.

ಗುಮ್ಮಟದ ಊರಿನವಳು

ಈ ಮಾತು ಪೂರ್ತಿ ನಿಜ ತಮ್ಮ. ಪ್ರತಿ ಹತ್ತರಲ್ಲಿ ಮೂರು ಮನೆ ಹಾಗೆ ಹೋಗುತ್ತವೆ. ತಡೆಯಲು ನನ್ನ ಹತ್ತಿರ ಉಪಾಯ ಇಲ್ಲ. ಬರೀ ರೊಟ್ಟಿ ಬೇಕಾದವರು ರೊಟ್ಟಿಯವಳಿಗೇ ಫೋನ್ ಮಾಡುತ್ತಾರೆ. ಐದು ಮನೆಯ ಐದು ತಿನಿಸು ಒಂದೇ ಚೀಲದಲ್ಲಿ ಬೇಕಾದವರು ನನ್ನ ಹತ್ತಿರ ಉಳಿಯುತ್ತಾರೆ.

ಇನ್ನೊಂದು ಕಷ್ಟವೂ ಹೇಳಬೇಕು. ಒಂದು ಶ್ರಾವಣದಲ್ಲಿ ಒಬ್ಬರ ಹೋಳಿಗೆ ಬೂಸ್ಟು ಹಿಡಿಯಿತು. ಬಿಸಿ ಆರುವ ಮೊದಲೇ ಪ್ಯಾಕ್ ಮಾಡಿದ್ದರು. ಗಿರಾಕಿ ಮಾಡಿದವರಿಗೆ ಫೋನ್ ಮಾಡಲಿಲ್ಲ, ನನಗೆ ಮಾಡಿದರು. 14 ಮನೆಗೆ ಹೋಗಿ ದುಡ್ಡು ವಾಪಸ್ ಕೊಟ್ಟು ಬಂದೆ. ಆಮೇಲಿಂದ ಮಾಡಿದ ದಿನ ಬರೆಯದ ಪ್ಯಾಕೆಟ್ ನನ್ನ ಚೀಲಕ್ಕೆ ಹಾಕುವುದಿಲ್ಲ. ಬೆಳಗಾವಿ ಮಳೆಗೆ ನಿನಗೆ ಇದು ನಮಗಿಂತ ಜಾಸ್ತಿ ಕಾಡುತ್ತದೆ ತಂಗಿ.

ನವನಗರ ಖಣ

ನೂರಕ್ಕೆ ಎಂಟು ನನಗೆ ಒಪ್ಪಿಗೆ. ಆದರೆ ರೊಟ್ಟಿಯವರಿಗೆ ಅದು ಹೊರೆ ಅಲ್ವಾ? ಒಂದು ರೊಟ್ಟಿಯಲ್ಲಿ ಉಳಿಯುವುದೇ ಎರಡು ಮೂರು ರೂಪಾಯಿ. ಅವರೇ ಜನರನ್ನು ಕರೆತರುವವರು ಅಂತ ನೀವೇ ಹೇಳಿದಿರಿ. ಅವರಿಗೆ ಕಡಿಮೆ, ನಮ್ಮಂಥವರಿಗೆ ಜಾಸ್ತಿ ಇರಬೇಕು ಅಂತ ನನ್ನ ವಾದ.

ಗುಮ್ಮಟದ ಊರಿನವಳು

ಈ ಜಗಳ ನಮ್ಮಲ್ಲಿ ಪ್ರತಿ ಯುಗಾದಿಗೆ ನಡೆಯುತ್ತದೆ. ರೊಟ್ಟಿಗೆ ಐದು ಮಾಡಿದರೆ ಹಿಂಡಿಯವರು ನಮಗೂ ಐದು ಅನ್ನುತ್ತಾರೆ. ಇನ್ನೂ ಬಗೆಹರಿದಿಲ್ಲ.

ಎರಡನೇ ಕ್ರಾಸ್ ನಿವಾಸಿ

ಚೀಲದ ವ್ಯವಸ್ಥೆ ನನಗೆ ಹಿಡಿಸಿತು. ಜನ ಒಂದೊಂದಾಗಿ ಬಂದು ಹೋಗುತ್ತಾರೆ, ಗಾಡಿ ಸಾಲು ನಿಲ್ಲುವುದಿಲ್ಲ. ಆದರೂ ಶುರು ಮಾಡುವ ಮೊದಲು ಅಕ್ಕಪಕ್ಕದ ನಾಲ್ಕು ಮನೆಗೆ ಹೋಗಿ ಹೇಳಿ ಬನ್ನಿ. ನಮಗೆ ಯಾರೂ ಹೇಳಿರಲಿಲ್ಲ, ಸಿಟ್ಟು ಬಂದದ್ದು ಅದಕ್ಕೇ.

ಹಿಂದವಾಡಿ ಸಂತೆ

ನಾಳೆಯೇ ಹೋಗುತ್ತೇನೆ ಅಣ್ಣಾರೆ.

ನಾನು ಹೀಗೆ ಮಾಡಬೇಕು ಅಂದುಕೊಂಡಿದ್ದೇನೆ. ಜೂನ್‌ವರೆಗೆ ಮನೆ ಪಾಠ ಮಾಡುತ್ತೇನೆ, ಎಂಟು ಮಕ್ಕಳು ಸಿಕ್ಕಿದ್ದಾರೆ. ಸಂತೆ ತಿಂಗಳಿಗೆ ಒಂದೇ. ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಅಂಗಳ ಕೊಡಲು ಒಪ್ಪಿದ್ದಾರೆ, ಆಡಳಿತ ಮಂಡಳಿಗೆ ಬರೆದು ಕೊಡಿ ಅಂದರು. ಟೇಬಲ್ ಬಾಡಿಗೆ 150ಕ್ಕೆ ಇಳಿಸುತ್ತೇನೆ, ಟೇಬಲ್ ಅವರೇ ತರಬೇಕು. ದೀಪಾವಳಿ ಫರಾಳದಿಂದ ಚೀಲ ಶುರು ಮಾಡುತ್ತೇನೆ. ಚಕ್ಕಲಿ, ಶಂಕರಪಾಳಿ, ಅವಲಕ್ಕಿ ಚೂಡಾ, ಬೇಸನ್ ಉಂಡಿ, ನಾಲ್ಕು ಮನೆಯವರು ಒಪ್ಪಿದ್ದಾರೆ. ಜೂನ್‌ನಲ್ಲಿ ಚೀಲ 40 ಮನೆ ಮುಟ್ಟದಿದ್ದರೆ ಶಾಲೆಗೆ ಅರ್ಜಿ ಹಾಕುತ್ತೇನೆ.

ಒಂದು ಸಂಶಯ ಉಳಿದಿದೆ. ಆರ್ಡರ್ ಕೊಟ್ಟು ತಗೊಳ್ಳಲು ಬರದಿದ್ದರೆ ಆ ನಷ್ಟ ಯಾರದು, ಮಾಡಿದವರದೋ ನನ್ನದೋ?

ಗುಮ್ಮಟದ ಊರಿನವಳು

ಹೊಸ ಗಿರಾಕಿಯಿಂದ ಅರ್ಧ ಹಣ ಮೊದಲೇ ಮಾಡಿದವರಿಗೆ ಹಾಕಿಸು. ಮೂರು ಸಲ ಸರಿಯಾಗಿ ಒಯ್ದವರಿಗೆ ಬೇಡ. ಆದರೂ ಉಳಿದರೆ ನಾನು ಅರ್ಧ ಹೊರುತ್ತೇನೆ, ಅವರು ಅರ್ಧ. ಇದು ನಾನು ಮಾಡಿಕೊಂಡ ರೂಢಿ, ನೀನು ನಿನ್ನವರನ್ನು ಕೂರಿಸಿ ಕೇಳು.

ಶೇಂಗಾ ಹಿಂಡಿ

ಅಕ್ಕಾ, ನನ್ನ ನೋಂದಣಿ ನಂಬರ್ ಬಂತು. ಚೀಲಕ್ಕೆ ನನ್ನ ಹಿಂಡಿಯನ್ನೂ ಸೇರಿಸಿಕೊಳ್ಳಿ. ಕಾಲು ಕಿಲೊ ಪ್ಯಾಕೆಟ್ ಮಾಡುತ್ತೇನೆ, ದಿನಾಂಕ ಬರೆದು ಕೊಡುತ್ತೇನೆ. ಗುರುವಾರ ರಾತ್ರಿ ಪಟ್ಟಿ ಬಂದರೆ ಶನಿವಾರ ಮಧ್ಯಾಹ್ನದೊಳಗೆ ಹಿಂದವಾಡಿಗೆ ತಲುಪಿಸುತ್ತೇನೆ.